ಎವರೆಸ್ಟ್ ತುದಿಯ ಗಾಳಿಯೊತ್ತಡ, ಶಿಬಿರದಲ್ಲೇ ಕುಳಿತು

1981ರ ಅಕ್ಟೋಬರ್ 24ರಂದು ಕ್ರಿಸ್ ಪಿಝೋ ಎಂಬ ವೈದ್ಯರು ಎವರೆಸ್ಟ್ ಏರಿ ವಾಯುಭಾರಮಾಪಕ ನೋಡಿದರು. ಅದು 253 ಮಿಲಿಮೀಟರ್ ಪಾದರಸ ತೋರಿಸಿತು. ಸಮುದ್ರ ಮಟ್ಟದಲ್ಲಿ ಇದು 760ರ ಆಸುಪಾಸು. ತುದಿಗೆ ಹೋಗದೆಯೇ ಈ ಸಂಖ್ಯೆಯನ್ನು ಊಹಿಸಬಹುದಿತ್ತೇ?

ಅದೇ ತಂಡ ಕೆಳಗಿನ ಶಿಬಿರಗಳಲ್ಲೂ ಒತ್ತಡ ಅಳೆದಿತ್ತು. 5,400 ಮೀಟರ್ ಎತ್ತರದ ಬೇಸ್ ಕ್ಯಾಂಪಿನಲ್ಲಿ ಸರಾಸರಿ 400.4, 8,050 ಮೀಟರಿನಲ್ಲಿ 283.6. ಅಂದರೆ 2,650 ಮೀಟರ್ ಏರಿದಾಗ 117ರಷ್ಟು ಇಳಿಕೆ. ಉಳಿದ 798 ಮೀಟರಿಗೂ ಇದೇ ದರ ಹಿಡಿದರೆ ತುದಿಯಲ್ಲಿ 248 ಬರುತ್ತದೆ. ಆದರೆ ಗಾಳಿ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಒತ್ತಡವೆಂದರೆ ತಲೆಯ ಮೇಲಿರುವ ಗಾಳಿಯ ಭಾರ. ಆ ಭಾರಕ್ಕೆ ಸಿಕ್ಕಿ ಕೆಳಗಿನ ಗಾಳಿ ದಟ್ಟವಾಗುತ್ತದೆ. ಮೇಲೆ ಹೋದಂತೆ ಭಾರ ಕಡಿಮೆ, ಗಾಳಿ ತೆಳು. ಹಾಗಾಗಿ ಪ್ರತಿ ನೂರು ಮೀಟರಿಗೆ ಕಳೆದುಹೋಗುವ ಒತ್ತಡವೂ ಕಡಿಮೆ. ಸಮಾನ ಏರಿಕೆಗೆ ಸಮಾನ ಮೊತ್ತವಲ್ಲ, ಸಮಾನ ಪಾಲು ಇಳಿಯುತ್ತದೆ. ಇದಕ್ಕೇ ಘಾತೀಯ ಇಳಿಕೆ ಎನ್ನುವುದು.

283.6ನ್ನು 400.4ರಿಂದ ಭಾಗಿಸಿದರೆ 0.708. ಇದು 2,650 ಮೀಟರ್ ಏರಿದಾಗ ಉಳಿಯುವ ಪಾಲು. ಬಾಕಿ 798 ಮೀಟರ್ ಆ ಅಂತರದ 0.301ರಷ್ಟು. ಆದ್ದರಿಂದ 0.708ನ್ನು 0.301ರ ಘಾತಕ್ಕೆ ಏರಿಸಬೇಕು. ಮೊಬೈಲಿನ ಕ್ಯಾಲ್ಕುಲೇಟರ್ 0.901 ಎನ್ನುತ್ತದೆ. ಅದನ್ನು 283.6ಕ್ಕೆ ಗುಣಿಸಿದರೆ ಸುಮಾರು 256. ನಿಜ ಅಳತೆಗಿಂತ ಮೂರೇ ಹೆಚ್ಚು.

ಈಗ 8,050ರ ಅಳತೆ ಬಿಟ್ಟು, 6,300 ಮೀಟರಿನ ಶಿಬಿರದ 351ನ್ನು ತೆಗೆದುಕೊಳ್ಳಿ. ಅದೇ ವಿಧಾನ, ಆದರೆ ಉತ್ತರ 242! ಹನ್ನೊಂದರಷ್ಟು ತಪ್ಪು. ಎರಡು ಅಳತೆಗಳ ನಡುವೆ ಒಂಬೈನೂರೇ ಮೀಟರ್, ಊಹಿಸಬೇಕಾದದ್ದು ಅದರಾಚೆಯ 2,548 ಮೀಟರ್. ಬೇಸ್ ಕ್ಯಾಂಪಿನಲ್ಲಿದ್ದದ್ದು ಪಾದರಸದ ಮಾಪಕ, ಮೇಲೆ ಬಹುಪಾಲು ಬಳಸಿದ್ದು ಬೇರೆ ಬಗೆಯದು. ಅಲ್ಲಿನ ಸಣ್ಣ ವ್ಯತ್ಯಾಸವೂ ತುದಿ ಮುಟ್ಟುವಷ್ಟರಲ್ಲಿ ಹಿಗ್ಗುತ್ತದೆ. ಇಂಥ ಎಡವಟ್ಟನ್ನು ತುದಿಗೆ ಹೋಗದೆಯೂ ಪತ್ತೆ ಮಾಡಬಹುದು. ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎನ್ನುವುದು ಗಾಳಿಯ ಉಷ್ಣತೆಗೆ ಕಟ್ಟುಬಿದ್ದಿದೆ: ತಣ್ಣಗಾದಷ್ಟೂ ಬೇಗ. 400.4 ಮತ್ತು 351 ಎರಡೂ ನಿಜವಾಗಬೇಕಾದರೆ ಆ ಶಿಬಿರಗಳ ನಡುವಿನ ಗಾಳಿ ಮೈನಸ್ 40 ಡಿಗ್ರಿ ಇರಬೇಕು. ಆ ಎತ್ತರಕ್ಕೆ ಅದು ಅತಿಯಾಯಿತು. ಮೊದಲ ಜೋಡಿ ಹೇಳುವುದು ಮೈನಸ್ 11; ಅದು ನಂಬುವಂಥದ್ದು.

ಆ ಮೂರು ಮಿಲಿಮೀಟರಿಗೂ ಒಂದು ಕಾರಣ ಚಳಿಯೇ. ನಮ್ಮ ಲೆಕ್ಕ ಗಾಳಿಯನ್ನು ಕೆಳಗಿನಷ್ಟೇ ಬೆಚ್ಚಗೆಂದು ಭಾವಿಸಿತು. ತುದಿಯ ಬಳಿ ಅದು ಇನ್ನೂ ತಣ್ಣಗಿತ್ತು. ಆದರೂ ವಿಮಾನಯಾನದ ಪ್ರಮಾಣಿತ ಕೋಷ್ಟಕಕ್ಕಿಂತ ಇದೇ ಮೇಲು. ಕೋಷ್ಟಕ ಈ ಎತ್ತರಕ್ಕೆ 236 ಎನ್ನುತ್ತದೆ, ಏಕೆಂದರೆ ಅದು ಸಮಭಾಜಕದಿಂದ ಇನ್ನೂ ದೂರದ ಪ್ರದೇಶಗಳ ಸರಾಸರಿ. ಋತು ಮಾತ್ರ ಒಂದೇ ಆಗಿರಬೇಕು: ಎವರೆಸ್ಟ್ ತುದಿಯ ಎತ್ತರದಲ್ಲಿ ನಡುಬೇಸಿಗೆಗೂ ನಡುಚಳಿಗಾಲಕ್ಕೂ ಸುಮಾರು 11 ಮಿಲಿಮೀಟರ್ ಅಂತರವಿರುವುದರಿಂದ, ಅಕ್ಟೋಬರಿನ ಅಳತೆ ಹಿಡಿದು ಜನವರಿಯ ಲೆಕ್ಕ ಹಾಕಲಾಗದು.