ಮತಸಮೀಕ್ಷೆಯ ಎರಡು ಶೇಕಡಾ ಪ್ರಮಾಣಗಳ ಅಂತರ ಮತ್ತು ಅದರ ದೋಷಮಿತಿ

ಮತಸಮೀಕ್ಷೆಗಳ ಫಲಿತಾಂಶದ ಕೆಳಗೆ 'ದೋಷಮಿತಿ ಶೇಕಡಾ 3' ಎಂಬ ಒಂದು ಸಾಲು ಅಚ್ಚಾಗಿರುವುದು ವಾಡಿಕೆ. ಓದುಗನು ಈ ಮೂರನ್ನು ಕೋಷ್ಟಕದ ಎಲ್ಲ ಅಂಕಿಗಳಿಗೂ ಅನ್ವಯಿಸುತ್ತಾನೆ. ಆದರೆ ಅದು ಇಡೀ ಮಾದರಿಯಲ್ಲಿ ಒಂದೇ ಪಕ್ಷ ಪಡೆದ ಪ್ರಮಾಣಕ್ಕೆ ಸಂಬಂಧಿಸಿದ್ದು. ಯಾರು ಮುಂದಿದ್ದಾರೆ, ನಮ್ಮ ಸೀಮೆಯಲ್ಲಿ ಏನಾಗಿದೆ ಎಂಬ ಪ್ರಶ್ನೆಗಳಿಗೆ ಅದು ಉತ್ತರವಾಗದು.

2018ರ ಕರ್ನಾಟಕ ವಿಧಾನಸಭಾ ಚುನಾವಣೆಯನ್ನೇ ತೆಗೆದುಕೊಳ್ಳೋಣ. ಕಾಂಗ್ರೆಸ್ಸು ಪಡೆದ ಮತಗಳು ಶೇಕಡಾ ಸುಮಾರು 38, ಭಾರತೀಯ ಜನತಾ ಪಕ್ಷ ಪಡೆದವು ಸುಮಾರು 36. (ಸ್ಥಾನಗಳಲ್ಲಿ ಎರಡನೆಯದೇ ಮುಂದಾಯಿತೆಂಬುದು ಬೇರೆಯ ವಿಚಾರ.) ಚುನಾವಣೆಗೆ ಮುನ್ನ ಯಾದೃಚ್ಛಿಕವಾಗಿ ಆರಿಸಿದ 1,000 ಮತದಾರರನ್ನು ವಿಚಾರಿಸಿದಾಗ ಇವೇ ಅಂಕಿಗಳು ದೊರೆತುವೆಂದು ಊಹಿಸೋಣ. 38ನ್ನು 62ರಿಂದ ಗುಣಿಸಿ, 1,000ದಿಂದ ಭಾಗಿಸಿ, ವರ್ಗಮೂಲವನ್ನು ತೆಗೆದು, 1.96ರಿಂದ ಗುಣಿಸಿದರೆ 3 ಬರುತ್ತದೆ. ನೂರರಲ್ಲಿ ತೊಂಬತ್ತೈದು ಸಲ ನಿಜವಾದ ಪ್ರಮಾಣವು ಈ ಎಲ್ಲೆಯೊಳಗಿರುವುದೆಂದು ಇದರ ತಾತ್ಪರ್ಯ.

ಆದರೆ ಎರಡು ಶೇಕಡಾ ಅಂತರದ ಮಿತಿಯೆಷ್ಟು? ಮಾದರಿಯಲ್ಲಿ ಅಕಸ್ಮಾತ್ತಾಗಿ ಒಂದು ಪಕ್ಷದವರು ಹತ್ತು ಮಂದಿ ಹೆಚ್ಚಾಗಿ ಸೇರಿದರೆ, ಸಾವಿರದ ಲೆಕ್ಕ ತುಂಬಲು ಇತರರು ಹತ್ತು ಮಂದಿ ಕಡಿಮೆಯಾಗಲೇಬೇಕು. ಆ ಹತ್ತು ಮಂದಿಯೂ ಎದುರು ಪಕ್ಷದವರೇ ಆಗಿದ್ದರೆ ಅಂತರವು ಇಪ್ಪತ್ತರಷ್ಟು ಜರುಗುತ್ತದೆ. ಎರಡೇ ಪಕ್ಷಗಳಿರುವಲ್ಲಿ ಅಂತರದ ದೋಷಮಿತಿ ಅಚ್ಚಾದ ಮಿತಿಯ ಸರಿಯಾಗಿ ಎರಡರಷ್ಟು. ನಮ್ಮಲ್ಲಿ ಇತರರೂ ಇರುವುದರಿಂದ ತುಸು ಕಡಿಮೆ. ಲೆಕ್ಕದ ಕ್ರಮವಿದು: ಎರಡು ಪ್ರಮಾಣಗಳನ್ನು ದಶಮಾಂಶಗಳಾಗಿ ಕೂಡಿದರೆ 0.74. ಅವುಗಳ ಅಂತರವಾದ 0.02ರ ವರ್ಗವನ್ನು ಅದರಿಂದ ಕಳೆದರೆ 0.7396. ಇದನ್ನು 1,000ದಿಂದ ಭಾಗಿಸಿ ವರ್ಗಮೂಲ ತೆಗೆದು 1.96ರಿಂದ ಗುಣಿಸಿದಾಗ 0.053, ಎಂದರೆ ಶೇಕಡಾ 5.3. ಎರಡರಷ್ಟು ಮುನ್ನಡೆಯು ಐದೂ ಕಾಲರ ಮಿತಿಯೊಳಗೆ ಮುಳುಗಿಹೋಯಿತು. ಆ ಸಮೀಕ್ಷೆಯಿಂದ ಯಾರು ಮುಂದೆಂದು ಹೇಳಲು ಬರುವುದಿಲ್ಲ. ಮಿತಿಯು ಎರಡಕ್ಕೆ ಇಳಿಯಬೇಕಾದರೆ ಸುಮಾರು 7,100 ಜನರನ್ನು ವಿಚಾರಿಸಬೇಕಾಗುತ್ತದೆ.

ಇನ್ನು ಉಪಗುಂಪುಗಳ ವಿಚಾರ. ಬಸವಕಲ್ಯಾಣ ಮತ್ತು ಹುಮನಾಬಾದು ಸೀಮೆಯ ರಾಜೇಶ್ವರದ ಓದುಗನೊಬ್ಬನು ಅದೇ ಸಮೀಕ್ಷೆಯಲ್ಲಿ ತನ್ನ ಸೀಮೆಯನ್ನು ಹುಡುಕಿದನೆನ್ನೋಣ. ರಾಜ್ಯದ ಕ್ಷೇತ್ರಗಳು 224. ಸಾವಿರ ಜನರನ್ನು ಸಮನಾಗಿ ಹಂಚಿದರೆ ಈ ಎರಡು ಕ್ಷೇತ್ರಗಳಿಗೆ ದೊರೆಯುವವರು ಒಂಬತ್ತೇ ಮಂದಿ. ಬೀದರ ಜಿಲ್ಲೆಯ ಆರು ಕ್ಷೇತ್ರಗಳಿಗೂ ಸೇರಿ 27 ಮಂದಿ. ಇಲ್ಲಿ ಒಂದು ಪಕ್ಷದ ಪ್ರಮಾಣದ ಮಿತಿಯೇ ಹೆಚ್ಚುಕಡಿಮೆ 19. ಶೇಕಡಾ 40 ಎಂದು ಬರೆದಿದ್ದರೆ ನಿಜವು 21ರಿಂದ 59ರವರೆಗೆ ಎಲ್ಲಿಯಾದರೂ ಇರಬಹುದು. ಇಂತಹ ಅಂಕಿಯನ್ನು ಅಚ್ಚುಮಾಡದಿರುವುದೇ ಲೇಸು.

ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳನ್ನು ಒಟ್ಟುಗೂಡಿಸಿದರೆ 41 ಕ್ಷೇತ್ರಗಳು, ಸುಮಾರು 183 ಮಂದಿ. ಇಲ್ಲಿ ಒಂದು ಪಕ್ಷಕ್ಕೆ 45, ಉಳಿದ ರಾಜ್ಯದ 817 ಮಂದಿಯಲ್ಲಿ 38 ಎಂದು ತೋರಿತೆನ್ನೋಣ. 'ಈ ಭಾಗದಲ್ಲಿ ಪಕ್ಷ ಏಳರಷ್ಟು ಬಲಿಷ್ಠ' ಎಂಬ ಶೀರ್ಷಿಕೆ ಕೂಡಲೇ ಹೊರಡುತ್ತದೆ. ಇವು ಬೇರೆಬೇರೆ ಜನರಿಂದ ಬಂದ ಅಂಕಿಗಳಾದುದರಿಂದ ಹಿಂದಿನ ಲೆಕ್ಕ ಸಲ್ಲದು; ಎರಡರ ಮಿತಿಗಳ ವರ್ಗಗಳನ್ನು ಕೂಡಿ ವರ್ಗಮೂಲವನ್ನು ತೆಗೆಯಬೇಕು. ಮೊದಲನೆಯ ಮಿತಿ 7.2, ಎರಡನೆಯದು 3.3, ಅಂತರದ ಮಿತಿ ಸುಮಾರು 8. ಏಳು ಅದರೊಳಗೇ ಇದೆ. ದೊಡ್ಡ ಗುಂಪಿನ ಮಿತಿ ಎಷ್ಟೇ ಚಿಕ್ಕದಾಗಿರಲಿ, ಚಿಕ್ಕ ಗುಂಪಿನ ಮಿತಿಗಿಂತ ಅಂತರದ ಮಿತಿ ಕೆಳಗಿಳಿಯದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇಷ್ಟೂ ಲೆಕ್ಕವು ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಆರಿಸಿದಾಗಿನದು. ಮನೆಮನೆಗೆ ಹೋಗಿ ನಡೆಸುವ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೆಲವು ಮತಗಟ್ಟೆಗಳನ್ನು ಆರಿಸಿ ಒಂದೊಂದರಲ್ಲಿ ಇಪ್ಪತ್ತರಷ್ಟು ಜನರನ್ನು ವಿಚಾರಿಸುತ್ತಾರೆ. ರಾಜೇಶ್ವರದ ಒಂದು ಮತಗಟ್ಟೆಯ ಇಪ್ಪತ್ತು ಮಂದಿ ಒಂದೇ ಓಣಿಯ ನೆರೆಹೊರೆಯವರು. ಅವರ ಅಭಿಪ್ರಾಯಗಳಲ್ಲಿ ಹೋಲಿಕೆ ಹೆಚ್ಚು. ಈ ಹೋಲಿಕೆಯ ಗುಣಾಂಕ 0.05ರಷ್ಟು ಅಲ್ಪವಾಗಿದ್ದರೂ ಉಳಿದ ಹತ್ತೊಂಬತ್ತು ಮಂದಿಯಿಂದ ಅದನ್ನು ಗುಣಿಸಿ ಒಂದನ್ನು ಕೂಡಿದರೆ 1.95 ಬರುತ್ತದೆ; ಅದರ ವರ್ಗಮೂಲವಾದ 1.4ರಷ್ಟು ಮಿತಿ ಹಿಗ್ಗುತ್ತದೆ. ಮೇಲಿನ 8 ಆಗ 11 ಆಗುವುದು. ಮಾದರಿಯಲ್ಲಿ 'ಬೀದರ: 40 ಮಂದಿ' ಎಂದಿರುವುದು ನಿಜವಾಗಿ ಎರಡೇ ಮತಗಟ್ಟೆಗಳಿರಬಹುದು. ಆದುದರಿಂದ ಉಪಗುಂಪಿನ ಅಂಕಿಯನ್ನು ಕಂಡಾಗ ಜನರ ಸಂಖ್ಯೆಯ ಜೊತೆಗೆ ಅವರು ಎಷ್ಟು ಊರುಗಳಿಂದ ಬಂದವರೆಂಬುದನ್ನೂ ಕೇಳಬೇಕು. ಅನೇಕ ವರದಿಗಳಲ್ಲಿ ಈ ಎರಡನೆಯ ಅಂಕಿ ಕಾಣಸಿಗುವುದಿಲ್ಲ.