ಕಾಣದ ಸಾಲುಗಳೂ ಕೂಡಿಕೊಂಡಾಗ

ಹಾಲಿನ ಲೆಕ್ಕದ ಎಕ್ಸೆಲ್ ಹಾಳೆಯೊಂದನ್ನು ನೋಡೋಣ. C2ರಿಂದ C7ರವರೆಗೆ ಆರು ಸಾಲು: ಬೆಳಗಿನ ಹಾಲು 12, 8, 10 ಲೀಟರ್, ಸಂಜೆಯದು 9, 6, 5. ಶೀರ್ಷಿಕೆಯ ಸಾಲಿನಲ್ಲೇ, E1ರಲ್ಲಿ, ಮೊತ್ತವಿದೆ:

```
=SUM(C2:C7)
```

ಉತ್ತರ 50. ಈಗ ಫಿಲ್ಟರ್ ಹಾಕಿ ಸಂಜೆಯದನ್ನಷ್ಟೇ ಉಳಿಸಿ. ಕಣ್ಣಿಗೆ ಕಾಣುವುದು ಮೂರೇ ಸಾಲು, ಮೊತ್ತ ಮಾತ್ರ 50ರಲ್ಲೇ ನಿಂತಿದೆ. ಫಿಲ್ಟರ್ ಸಾಲುಗಳನ್ನು ಮರೆಮಾಡುತ್ತದೆ, ಅಳಿಸುವುದಿಲ್ಲ. SUM ಎಲ್ಲವನ್ನೂ ಕೂಡುತ್ತದೆ. ಅನುಮಾನ ಬಂದರೆ ಕಾಣುವ ಅಂಕಿಗಳನ್ನು ಆಯ್ದು ಪರದೆಯ ಕೆಳಪಟ್ಟಿ ನೋಡಿ: ಅಲ್ಲಿ 20 ಇರುತ್ತದೆ.

ಆ 20 ಹಾಳೆಯಲ್ಲೇ ಬೇಕಿದ್ದರೆ ಹೀಗೆ ಬರೆಯಿರಿ:

```
=SUBTOTAL(9,C2:C7)
```

9 ಎಂದರೆ ‘ಕೂಡು’ ಎಂಬ ಸೂಚನೆ. ಫಿಲ್ಟರ್ ಬದಲಾದಂತೆ ಮೊತ್ತವೂ ಬದಲಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಫಿಲ್ಟರ್ ತೆಗೆದು, 5 ಲೀಟರಿನ ಸಾಲನ್ನು ರೈಟ್ ಕ್ಲಿಕ್ ಮಾಡಿ Hide ಒತ್ತಿದರೆ, 9 ಅದನ್ನೂ ಸೇರಿಸಿ 50 ಎನ್ನುತ್ತದೆ. ಕೈಯಾರೆ ಮರೆಮಾಡಿದ್ದನ್ನೂ ಬಿಡಬೇಕಾದರೆ 9ರ ಜಾಗದಲ್ಲಿ 109 ಹಾಕಿ, ಉತ್ತರ 45.

ಇಡೀ ದಿನದ ಲೆಕ್ಕಕ್ಕೆ SUM ಸರಿ. ಕಾಣುವಷ್ಟರ ಲೆಕ್ಕಕ್ಕೆ SUBTOTAL ಬೇಕು.