ಷೇರಿನ ಪಾಲೆಷ್ಟು, ಡಾಲರಿನ ಪಾಲೆಷ್ಟು?

2022ರ ಕೊನೆಯಲ್ಲಿ ಅಮೆರಿಕದ ಇಂಡೆಕ್ಸ್ ಫಂಡ್‌ನ ಲೆಕ್ಕ ನೋಡಿದ ನಮ್ಮ ಹೂಡಿಕೆದಾರರಿಗೆ ಒಂದು ವಿಷಯ ತಾಳೆಯಾಗಲಿಲ್ಲ. ಆ ವರ್ಷ ಎಸ್ ಆ್ಯಂಡ್ ಪಿ 500 ಸೂಚ್ಯಂಕ 4,766ರಿಂದ 3,839.5ಕ್ಕೆ ಇಳಿದಿತ್ತು. ಅಂದರೆ ಶೇ 19.4ರಷ್ಟು ಕುಸಿತ. ಆದರೆ ಇಲ್ಲಿ ಕರಗಿದ್ದು ಸರಿಸುಮಾರು ಅದರ ಅರ್ಧ. ಫಂಡ್ ನಡೆಸುವವರು ಜಾಣರು, ಸೂಚ್ಯಂಕಕ್ಕಿಂತ ಕಡಿಮೆ ಬೀಳಿಸಿದ್ದಾರೆ ಎಂದು ಮೆಚ್ಚಿಕೊಂಡವರನ್ನು ನಾನೇ ಕಂಡಿದ್ದೇನೆ. ಸೂಚ್ಯಂಕವನ್ನೇ ನೆರಳಿನಂತೆ ಹಿಂಬಾಲಿಸುವ ಫಂಡ್‌ನಲ್ಲಿ ಅಂಥ ಜಾಣತನಕ್ಕೆ ಜಾಗವೇ ಇಲ್ಲ. ನಷ್ಟವನ್ನು ತಗ್ಗಿಸಿದ್ದು ಡಾಲರ್.

ಒಂದು ಲಕ್ಷ ರೂಪಾಯಿಯ ದಾರಿಯನ್ನು ಹಿಡಿದು ಹೋಗೋಣ. 2021ರ ಕೊನೆಯಲ್ಲಿ ಡಾಲರಿಗೆ ಸುಮಾರು 74.30 ರೂಪಾಯಿ ಇತ್ತು. ಆ ದರದಲ್ಲಿ ನಮ್ಮ ಲಕ್ಷಕ್ಕೆ 1,346 ಡಾಲರ್ ಸಿಗುತ್ತದೆ. ಸೂಚ್ಯಂಕ ಇಳಿದು ವರ್ಷದ ಕೊನೆಗೆ ಅದು 1,084 ಡಾಲರ್ ಆಯಿತು. ಅಷ್ಟರಲ್ಲಿ ಡಾಲರಿನ ಬೆಲೆ ಸುಮಾರು 82.75 ರೂಪಾಯಿಗೆ ಏರಿತ್ತು. ಉಳಿದ ಡಾಲರನ್ನು ಈ ದರದಲ್ಲಿ ಮರಳಿ ರೂಪಾಯಿ ಮಾಡಿದರೆ ಕೈಗೆ ಬರುವುದು ಸುಮಾರು 89,700. ನಷ್ಟ ಶೇ 10.3. ಡಿವಿಡೆಂಡ್ ಮತ್ತು ಫಂಡ್‌ನ ನಿರ್ವಹಣಾ ವೆಚ್ಚವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಇದನ್ನು ಷೇರಿನ ಪಾಲು, ಡಾಲರಿನ ಪಾಲು ಎಂದು ಬಿಡಿಸುವಾಗ ಹೆಚ್ಚಿನವರು ಎಡವುವುದು ಕೂಡಿಸುವಾಗ. ಷೇರು ಶೇ 19.4 ಇಳಿಯಿತು, ಡಾಲರ್ ಶೇ 11.4 ಏರಿತು, ಕಳೆದರೆ ಶೇ 8 ನಷ್ಟ ಎಂದುಕೊಳ್ಳುತ್ತಾರೆ. ನಿಜವಾದ ನಷ್ಟ ಶೇ 10.3. ನಡುವಿನ ಶೇ 2ಕ್ಕೂ ಹೆಚ್ಚು ಎಲ್ಲಿ ಹೋಯಿತು?

ಷೇರು ಇಳಿದದ್ದರಿಂದ 262 ಡಾಲರ್ ಹೋಯಿತು. ಹಳೆಯ ದರದಲ್ಲಿ ಅದರ ಬೆಲೆ 19,443 ರೂಪಾಯಿ. ಆರಂಭದಲ್ಲಿದ್ದ 1,346 ಡಾಲರೂ ಹಾಗೇ ಉಳಿದಿದ್ದರೆ, ಪ್ರತಿ ಡಾಲರಿಗೆ 8.45 ರೂಪಾಯಿ ಹೆಚ್ಚಾದದ್ದರಿಂದ 11,373 ರೂಪಾಯಿ ಲಾಭ ಬರುತ್ತಿತ್ತು. ಆದರೆ ಅಷ್ಟು ಡಾಲರ್ ಉಳಿದೇ ಇರಲಿಲ್ಲ. ಕಳೆದುಹೋದ 262 ಡಾಲರಿಗೆ ಬೆಲೆ ಏರಿಕೆಯ ಲಾಭ ಸಿಗುವುದಾದರೂ ಹೇಗೆ? ಆ ಸಿಗದ ಲಾಭ 2,211 ರೂಪಾಯಿ. ಈ ಮೂರನ್ನೂ ಲೆಕ್ಕಕ್ಕೆ ತಂದರೆ 10,281 ರೂಪಾಯಿಯ ನಷ್ಟ ಸರಿಯಾಗಿ ಕೂಡಿಬರುತ್ತದೆ.

ಮೂರನೆಯದು ಷೇರಿಗೂ ಡಾಲರಿಗೂ ಸೇರಿದ ಜಂಟಿ ಖಾತೆ. ಅದನ್ನು ಇಬ್ಬರಲ್ಲಿ ಒಬ್ಬರ ತಲೆಗೆ ಕಟ್ಟುವ ಬದಲು ಕೂಡುವ ಲೆಕ್ಕವನ್ನೇ ಬಿಟ್ಟು ಗುಣಿಸುವುದು ಸರಿಯೆಂದು ನನಗೆ ತೋರುತ್ತದೆ. ಷೇರಿನ ಅಂಶ 0.8056, ಡಾಲರಿನ ಅಂಶ 1.1137. ಗುಣಿಸಿದರೆ 0.897. ಹಾಗೆಯೇ ರೂಪಾಯಿ ಲೆಕ್ಕದ ಫಲ ಗೊತ್ತಿದ್ದು, ವಿನಿಮಯ ದರವೂ ಗೊತ್ತಿದ್ದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಷೇರು ಏನು ಮಾಡಿತೆಂಬುದು ಹೊರಬೀಳುತ್ತದೆ. ಹತ್ತು ವರ್ಷದ ಲೆಕ್ಕಕ್ಕೂ ಇದು ಕೈಕೊಡುವುದಿಲ್ಲ. ಕೂಡುವ ಲೆಕ್ಕದಲ್ಲಿ ಮಾತ್ರ ವರ್ಷ ಕಳೆದಂತೆ ಆ ಜಂಟಿ ಖಾತೆ ದಪ್ಪವಾಗುತ್ತ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. 74.30ರಿಂದ 82.75ಕ್ಕೆ ಹೋದಾಗ ಡಾಲರ್ ದುಬಾರಿಯಾದದ್ದು ಶೇ 11.4. ಅದೇ ಬದಲಾವಣೆಯನ್ನು ರೂಪಾಯಿಯ ಕಡೆಯಿಂದ ಅಳೆದರೆ ರೂಪಾಯಿ ಕುಸಿದದ್ದು ಶೇ 10.2. ನಾವು ಕೈಯಲ್ಲಿ ಹಿಡಿದಿರುವುದು ಡಾಲರ್ ಆಸ್ತಿಯಾದ್ದರಿಂದ ಬೇಕಾದದ್ದು ಮೊದಲನೆಯ ಸಂಖ್ಯೆ.

ಡಾಲರ್ ಯಾವಾಗಲೂ ನಮ್ಮ ಪರವಾಗಿಯೇ ಇರುತ್ತದೆ ಎಂದೇನಿಲ್ಲ. 2017ರಲ್ಲಿ ಅದೇ ಸೂಚ್ಯಂಕ ಶೇ 19.4 ಏರಿತು. ಆದರೆ ವರ್ಷದ ಆರಂಭದಲ್ಲಿ ಸುಮಾರು 68 ರೂಪಾಯಿ ಇದ್ದ ಡಾಲರ್ ಕೊನೆಗೆ ಸುಮಾರು 64ಕ್ಕೆ ಇಳಿದಿತ್ತು. 1.194ನ್ನು 0.941ರಿಂದ ಗುಣಿಸಿದರೆ ನಮ್ಮವರಿಗೆ ದಕ್ಕಿದ್ದು ಶೇ 12 ಚಿಲ್ಲರೆ. ಆ ವರ್ಷ ಫಂಡ್ ನಡೆಸುವವರನ್ನು ಬೈದುಕೊಂಡು ಹೊರಬಂದವರಿಗೂ, 2022ರಲ್ಲಿ ಹೊಗಳಿದವರಿಗೂ ಆದದ್ದು ಒಂದೇ ತಪ್ಪು. ಫಂಡ್ ತನ್ನ ಕೆಲಸ ಸರಿಯಾಗಿ ಮಾಡಿತೇ ಎಂದು ತೂಗಬೇಕಾದರೆ ಮೊದಲು ಕರೆನ್ಸಿಯ ಪಾಲನ್ನು ತೆಗೆದು, ಉಳಿದದ್ದನ್ನು ಆ ದೇಶದ ಹಣದಲ್ಲಿರುವ ಸೂಚ್ಯಂಕದ ಜೊತೆ ಹೋಲಿಸಬೇಕು.

ಯಾವ ದೇಶದ ಹಣ ಎಂಬುದೂ ಅಷ್ಟೇ ಮುಖ್ಯ. ವಿದೇಶಿ ಫಂಡ್ ಎಂದೊಡನೆ ಎಲ್ಲರೂ ಡಾಲರಿನ ಕಡೆ ನೋಡುತ್ತಾರೆ. 2023ರಲ್ಲಿ ಜಪಾನಿನ ಷೇರುಗಳಲ್ಲಿ ಹಣ ತೊಡಗಿಸಿದ್ದವರನ್ನು ನೆನೆಯಿರಿ. ಟೋಕಿಯೊದ ನಿಕ್ಕೇ ಸೂಚ್ಯಂಕ 26,094ರಿಂದ 33,464ಕ್ಕೆ, ಅಂದರೆ ಶೇ 28ರಷ್ಟು ಏರಿತು. ಆ ವರ್ಷ ಡಾಲರಿನ ರೂಪಾಯಿ ದರ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿತ್ತು. ಹಾಗಾದರೆ ಕರೆನ್ಸಿಯ ಪ್ರಭಾವ ಸೊನ್ನೆಯೇ? ಅಲ್ಲ. ಡಾಲರಿಗೆ 131 ಯೆನ್ ಇದ್ದದ್ದು 141ಕ್ಕೆ ಹೋಗಿತ್ತು. ರೂಪಾಯಿಯಲ್ಲಿ ಹೇಳುವುದಾದರೆ 63 ರೂಪಾಯಿಯ ಆಸುಪಾಸಿನಲ್ಲಿದ್ದ ನೂರು ಯೆನ್ 59ರ ಆಸುಪಾಸಿಗೆ ಇಳಿದಿತ್ತು. ಶೇ 28ರ ಏರಿಕೆ ರೂಪಾಯಿಯಲ್ಲಿ ಶೇ 20ಕ್ಕೆ ಬಂದು ನಿಂತಿತು. ಫಂಡ್‌ನ ಎನ್‌ಎವಿ ಡಾಲರಿನಲ್ಲಿ ಪ್ರಕಟವಾದರೂ ಇದು ಬದಲಾಗುವುದಿಲ್ಲ. ಡಾಲರ್ ಅಲ್ಲಿ ಬರೀ ಅಳತೆಗೋಲು. ಷೇರುಗಳು ಯಾವ ಕರೆನ್ಸಿಯಲ್ಲಿವೆಯೋ ಆ ಕರೆನ್ಸಿಯ ರೂಪಾಯಿ ದರವನ್ನೇ ಹಿಡಿಯಬೇಕು.

ತಿಂಗಳ ಕಂತಿನಲ್ಲಿ ಹಣ ಹಾಕುವವರಿಗೆ ವರ್ಷದ ಆರಂಭ ಮತ್ತು ಕೊನೆಯ ದರ ಮಾತ್ರ ಸಾಲದು, ಪ್ರತಿ ಕಂತೂ ಬೇರೆ ದರದಲ್ಲಿ ಡಾಲರ್ ಆಗಿರುತ್ತದೆ. ನಾನು ಸ್ಪ್ರೆಡ್‌ಶೀಟ್‌ನಲ್ಲಿ ಎಸ್‌ಐಪಿಯ ದಿನಾಂಕ ಮತ್ತು ರೂಪಾಯಿಯ ಪಕ್ಕದಲ್ಲೇ ಆ ದಿನದ ದರವನ್ನು ಬರೆದು, ಡಾಲರ್ ಎಷ್ಟಾಯಿತೆಂದು ಇನ್ನೊಂದು ಕಾಲಂ ಇಡುತ್ತೇನೆ. ಎರಡೂ ಕಾಲಂಗಳಿಗೆ `XIRR` ಹಾಕಿದರೆ ಎರಡು ವಾರ್ಷಿಕ ದರ ಸಿಗುತ್ತದೆ. ರೂಪಾಯಿಯದು ಶೇ 15, ಡಾಲರಿನದು ಶೇ 11 ಬಂದರೆ, 1.15ನ್ನು 1.11ರಿಂದ ಭಾಗಿಸಿ. ವರ್ಷಕ್ಕೆ ಸುಮಾರು ಶೇ 3.6 ಕರೆನ್ಸಿಯಿಂದ ಬಂತೆಂದು ತಿಳಿಯುತ್ತದೆ.

ಹೀಗೆ ಬಿಡಿಸಿದ ಮೇಲೂ ಸೂಚ್ಯಂಕಕ್ಕೂ ನಮ್ಮ ಫಲಕ್ಕೂ ಚೂರು ಅಂತರ ಉಳಿಯುತ್ತದೆ. ಡಿವಿಡೆಂಡ್, ನಿರ್ವಹಣಾ ವೆಚ್ಚ, ನ್ಯೂಯಾರ್ಕ್ ಮಾರುಕಟ್ಟೆ ಮುಚ್ಚುವಾಗ ಇಲ್ಲಿ ನಡುರಾತ್ರಿ ದಾಟಿರುವುದರಿಂದ ಆಗುವ ದಿನದ ವ್ಯತ್ಯಾಸ, ಇವೆಲ್ಲ ಅದರಲ್ಲಿ ಸೇರಿವೆ. ವರ್ಷದ ಲೆಕ್ಕದಲ್ಲಿ ಈ ಅಂತರ ಶೇ 1, 2ರ ಒಳಗಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡದಾಗಿದ್ದು ನಿಮ್ಮದು ಮುಂಬೈ ಷೇರುಪೇಟೆಯಲ್ಲಿ ಕೊಂಡ ಇಟಿಎಫ್ ಆಗಿದ್ದರೆ, ಕೊಂಡ ದಿನದ ಎನ್‌ಎವಿಯನ್ನು ಹುಡುಕಿ ನೋಡಿ. ನಮ್ಮ ಮ್ಯೂಚುವಲ್ ಫಂಡ್‌ಗಳು ಒಟ್ಟಾರೆ 700 ಕೋಟಿ ಡಾಲರ್‌ವರೆಗೆ ಮಾತ್ರ ಹೊರಗೆ ಹೂಡಬಹುದೆಂಬ ಮಿತಿಯಿದೆ. 2022ರ ಆರಂಭದಲ್ಲಿ ಆ ಮಿತಿ ಹತ್ತಿರವಾದಾಗ ಫಂಡ್‌ಗಳು ಹೊಸದಾಗಿ ಹಣ ಕಳಿಸುವುದನ್ನು ನಿಲ್ಲಿಸಬೇಕಾಯಿತು. ಹೊಸ ಯೂನಿಟ್ ಹುಟ್ಟದಿದ್ದಾಗ, ಇರುವ ಯೂನಿಟ್‌ಗೇ ಜನ ಮುಗಿಬಿದ್ದು ಎನ್‌ಎವಿಗಿಂತ ಹೆಚ್ಚು ಬೆಲೆ ಕೊಡುತ್ತಾರೆ. 100 ರೂಪಾಯಿಯ ಎನ್‌ಎವಿ ಇರುವ ಯೂನಿಟ್ಟನ್ನು 110ಕ್ಕೆ ಕೊಂಡು, ಮಾರುವ ಹೊತ್ತಿಗೆ ಆ ಹೆಚ್ಚುವರಿ ಕರಗಿದ್ದರೆ 0.91ರ ಮೂರನೆಯ ಅಂಶವೊಂದು ನಿಮ್ಮ ಗುಣಾಕಾರದಲ್ಲಿ ಸೇರಿಕೊಂಡಿರುತ್ತದೆ. ಷೇರೂ ಡಾಲರೂ ಏರಿದ ವರ್ಷದಲ್ಲೇ ಶೇ 9 ಕೈಬಿಟ್ಟಿದ್ದು ಹೇಗೆಂದು ಆಗ ತಿಳಿಯುತ್ತದೆ.